ಗೋಡೆಯ ಹಿಂದಿನಿಂದ ಇಣುಕಿದ ಬೆಕ್ಕು

ಓದುಗರ ಪತ್ರ

ಮಾನ್ಯ ಸಂಪಾದಕರೇ,

ನನಗೆ ಗಂಡು ಗೊತ್ತಾಗುವ ಹಂತದಲ್ಲಿದೆ. ಭಾನುವಾರ ಅವರು ಮನೆಯವರೊಂದಿಗೆ ಬಂದು ಹೋದರು. ಎರಡೂ ಕಡೆಯವರು ಒಪ್ಪಿ, ನೀವಿಬ್ಬರೂ ಮಾತನಾಡಿಕೊಳ್ಳಿ ಎಂದು ನಂಬರ್ ಕೊಟ್ಟರು. ಮಂಗಳವಾರ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಅವರ ಹೆಸರನ್ನು ತೆರೆದು ನೋಡುತ್ತಿದ್ದಾಗ ಎರಡು ಮೂರು ಸಲ ‘ಟೈಪಿಂಗ್’ ಎಂದು ಕಾಣಿಸಿ ಮಾಯವಾಯಿತು. ಆಮೇಲೆ ಬಂದದ್ದು ಒಂದು ಸ್ಟಿಕರ್. ಬಿಳಿ ಬೆಕ್ಕೊಂದು ಗೋಡೆಯ ಹಿಂದಿನಿಂದ ಇಣುಕುತ್ತದೆ, ಅಡಗುತ್ತದೆ, ಮತ್ತೆ ಇಣುಕುತ್ತದೆ. ಜೊತೆಗೆ ಒಂದಕ್ಷರವೂ ಇಲ್ಲ. ಅಕ್ಕ ‘ಪಾಪ, ಸಂಕೋಚ’ ಎನ್ನುತ್ತಾಳೆ. ಗೆಳತಿ ‘ಮದುವೆಯ ಮಾತಿಗೂ ಉಡಾಫೆ’ ಎನ್ನುತ್ತಾಳೆ. ಎರಡು ದಿನವಾಯಿತು, ನಾನು ಇನ್ನೂ ಉತ್ತರಿಸಿಲ್ಲ. ಆ ಬೆಕ್ಕನ್ನು ನೋಡಿ ಅವರ ಮನಸ್ಸನ್ನು ತಿಳಿಯುವುದು ಹೇಗೆ?

— ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ

ಪತ್ರಿಕೆ ಅಚ್ಚಾಗಿ ನಿಮ್ಮ ಕೈ ಸೇರುವವರೆಗೆ ಕಾಯುವಂತಹ ಪ್ರಶ್ನೆ ಇದಲ್ಲ. ಆದ್ದರಿಂದ ಈ ಉತ್ತರದ ಪ್ರತಿಯನ್ನು ನಿಮ್ಮ ಇಮೇಲ್‌ಗೆ ಈಗಾಗಲೇ ಕಳುಹಿಸಿದ್ದೇನೆ. ಇಲ್ಲಿ ಪ್ರಕಟಿಸುತ್ತಿರುವುದು ಇದೇ ಗೊಂದಲದಲ್ಲಿ ಇರುವ ಇತರರಿಗಾಗಿ.

ನಿಮ್ಮ ಅಕ್ಕ ಮತ್ತು ಗೆಳತಿ ಇಬ್ಬರೂ ಬೆಕ್ಕನ್ನೇ ನೋಡುತ್ತಿದ್ದಾರೆ. ನನಗೆ ಮಾತ್ರ ನಿಮ್ಮ ಪತ್ರದಲ್ಲಿ ಬೆಕ್ಕಿಗಿಂತ ಮುಖ್ಯವಾಗಿ ಕಂಡದ್ದು ನೀವು ದಾರಿಯಲ್ಲಿ ಹೇಳಿಬಿಟ್ಟ ಒಂದು ಮಾತು: ‘ಟೈಪಿಂಗ್’ ಎಂದು ಎರಡು ಮೂರು ಸಲ ಕಾಣಿಸಿ ಮಾಯವಾಯಿತು ಎಂಬುದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು, ಮೊದಲ ಸಂದೇಶವಾಗಿ ಬಂದ ಸ್ಟಿಕರ್‌ನಿಂದ ಮನಸ್ಸನ್ನು ಓದುವುದು ಏಕೆ ಇಷ್ಟು ಕಷ್ಟ ಎಂಬುದನ್ನು ನೋಡೋಣ.

ಪರಿಚಯದವರು ಸ್ಟಿಕರ್ ಕಳುಹಿಸಿದರೆ ನಾವು ಅದನ್ನು ಅವರ ರೂಢಿಯ ಜೊತೆಗಿಟ್ಟು ಓದುತ್ತೇವೆ. ದಿನವೂ ಉದ್ದುದ್ದ ಬರೆಯುವ ತಂಗಿ ಒಂದು ದಿನ ಬರೀ ಕೈ ಮುಗಿಯುವ ಚಿತ್ರ ಕಳುಹಿಸಿದರೆ ಏನೋ ಮುನಿಸು ಇದೆ ಎಂದು ತಿಳಿಯುತ್ತದೆ. ದಿನವೂ ಕೈ ಮುಗಿಯುವ ಚಿತ್ರವನ್ನೇ ಕಳುಹಿಸುವ ಚಿಕ್ಕಪ್ಪನಿಂದ ಅದೇ ಬಂದರೆ ಏನೂ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಚಿತ್ರ ಒಂದೇ ಆದರೂ ಅದರ ಹಿಂದಿನ ಮಾತುಕತೆ ಬೇರೆ. ನಿಮ್ಮ ವಿಷಯದಲ್ಲಿ ಆ ಹಿಂದಿನ ಮಾತುಕತೆಯೇ ಇಲ್ಲ. ಖಾಲಿ ಪರದೆಯ ಮೇಲೆ ಬಂದು ಕೂತ ಬೆಕ್ಕಿಗೆ ನೋಡುವವರು ತಮ್ಮ ತಮ್ಮ ಆಸೆ, ಅಂಜಿಕೆಗಳನ್ನು ತುಂಬುತ್ತಾರೆ. ಅಕ್ಕ ನಿಮ್ಮ ಮದುವೆ ಆಗಲಿ ಎಂದು ಬಯಸುತ್ತಾಳೆ, ಆದ್ದರಿಂದ ಸಂಕೋಚ ಕಾಣುತ್ತಾಳೆ. ಗೆಳತಿ ನಿಮಗೆ ನೋವಾಗದಿರಲಿ ಎಂದು ಬಯಸುತ್ತಾಳೆ, ಆದ್ದರಿಂದ ಉಡಾಫೆ ಕಾಣುತ್ತಾಳೆ. ಇಬ್ಬರ ಪ್ರೀತಿಯೂ ನಿಜ. ಆದರೆ ಅದು ನಿಮ್ಮ ಮೇಲಿನ ಪ್ರೀತಿ, ಆ ಹುಡುಗನ ಕುರಿತ ತಿಳಿವಳಿಕೆಯಲ್ಲ.

ಇದು ನಮ್ಮ ಊರಿನವರ ಸಮಸ್ಯೆ ಮಾತ್ರವಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಎಮೋಜಿಗಳನ್ನು ಜನರಿಗೆ ತೋರಿಸಿ, ಇದರಲ್ಲಿ ಯಾವ ಭಾವವಿದೆ ಎಂದು ಕೇಳಿದರು. ಒಂದೇ ಚಿತ್ರವನ್ನು ನೋಡಿದವರಲ್ಲೂ ಸುಮಾರು ನಾಲ್ಕರಲ್ಲಿ ಒಂದು ಸಲ, ಅದು ಒಳ್ಳೆಯ ಭಾವವೋ, ಕೆಟ್ಟ ಭಾವವೋ, ಎರಡೂ ಅಲ್ಲವೋ ಎಂಬುದರಲ್ಲೇ ಒಮ್ಮತ ಮೂಡಲಿಲ್ಲ. ಅವು ಅಲುಗಾಡದ ಪುಟ್ಟ ಮುಖಗಳು. ನಿಮ್ಮ ಬೆಕ್ಕಿಗಾದರೋ ಮೈಯಿದೆ, ಗೋಡೆಯಿದೆ, ಚಲನೆಯಿದೆ.

ಆ ಚಲನೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. ವಾಟ್ಸ್‌ಆ್ಯಪ್‌ನ ಅನಿಮೇಟೆಡ್ ಸ್ಟಿಕರ್ 500 ಕಿಲೋಬೈಟ್ ಮೀರುವಂತಿಲ್ಲ, 10 ಸೆಕೆಂಡಿಗಿಂತ ಉದ್ದವಿರುವಂತಿಲ್ಲ. ಇಷ್ಟರಲ್ಲಿ ಕಥೆ ಹೇಳಲಾಗದು. ಚಿತ್ರಕಾರರು ಒಂದೇ ಒಂದು ಚೇಷ್ಟೆಯನ್ನು ಆರಿಸಿಕೊಂಡು ಅದನ್ನು ದೊಡ್ಡದು ಮಾಡಿ ಬರೆಯುತ್ತಾರೆ. ನಕ್ಕರೆ ಬಿದ್ದು ಬಿದ್ದು ನಗುವುದು, ಅತ್ತರೆ ಕಣ್ಣೀರಿನ ಕೋಡಿ. ಕಳುಹಿಸಿದವರ ಭಾವ ಅಷ್ಟು ದೊಡ್ಡದಿರಬೇಕಾಗಿಲ್ಲ. ಜೊತೆಗೆ, ಚೇಷ್ಟೆ ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಒಮ್ಮೆ ಇಣುಕುವುದು ನಾಚಿಕೆ. ಹತ್ತು ಸಲ ಇಣುಕುವುದು ತುಂಟಾಟ. ನೀವು ಎರಡು ದಿನ ಅದನ್ನೇ ತೆರೆದು ತೆರೆದು ನೋಡಿದ್ದೀರಿ. ಗೆಳತಿಗೆ ಕಂಡ ಉಡಾಫೆಯಲ್ಲಿ ಅರ್ಧ ಪಾಲು ಈ ಪುನರಾವರ್ತನೆಯಿಂದಲೇ ಹುಟ್ಟಿರಬಹುದು. ಒಂದು ಸುತ್ತು ನೋಡಿ ಕಣ್ಣು ತೆಗೆಯಿರಿ. ಅವರು ಆರಿಸುವಾಗ ಕಂಡದ್ದೂ ಹೆಚ್ಚುಕಡಿಮೆ ಅಷ್ಟೇ.

ಜಿಫ್ ಬಂದಿದ್ದರೆ ಓದುವುದು ಇನ್ನೂ ಕಷ್ಟವಾಗುತ್ತಿತ್ತು. ಕೊನೆಯಿಲ್ಲದೆ ಸುತ್ತುವ ಗುಣ ಅದಕ್ಕೆ 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್‌ನಿಂದ ಬಂತು. ಸದ್ದು ಎಂದೂ ಇರಲಿಲ್ಲ. ಸಿನಿಮಾದಿಂದ ಕತ್ತರಿಸಿದ ತುಣುಕಿನಲ್ಲಿ ಹಿಂದಿನ ದೃಶ್ಯವೂ ಇಲ್ಲ, ಮಾತೂ ಇಲ್ಲ. ನಟ ಬ್ರಹ್ಮಾನಂದಂ ಅವರ ಮುಖದ ತುಣುಕುಗಳು ಕರ್ನಾಟಕದಲ್ಲೂ ಮನೆಮನೆಯ ಮೊಬೈಲ್‌ಗಳಲ್ಲಿವೆ. ಅದೇ ಕಣ್ಣರಳಿಸಿದ ನೋಟ ಒಬ್ಬರಿಗೆ ಬೆರಗು, ಇನ್ನೊಬ್ಬರಿಗೆ ಅಣಕ. ಇನ್ನೊಂದು ಸಂಗತಿಯೂ ಇದೆ: ಜಿಫ್ ಕಳುಹಿಸುವವರು ಬಹಳ ಸಲ ಮುಖವನ್ನು ಹುಡುಕುವುದಿಲ್ಲ, ಪದವನ್ನು ಹುಡುಕುತ್ತಾರೆ. ಹುಡುಕುವ ಜಾಗದಲ್ಲಿ ‘ಹಾಯ್’ ಎಂದು ಹೊಡೆದರೆ ಯಾವುದೋ ದೇಶದ ಧಾರಾವಾಹಿಯ ಯಾರೋ ನಟಿ ಕೈ ಬೀಸುತ್ತಾಳೆ. ಮೊದಲ ಸಾಲಿನಲ್ಲಿ ಕಂಡದ್ದನ್ನು ಒತ್ತುತ್ತಾರೆ. ಆಗ ನಿಮಗೆ ಬಂದದ್ದು ಬರೀ ‘ಹಾಯ್’. ಆ ನಟಿಯ ಹುಬ್ಬು, ತುಟಿಯ ಕೊಂಕು ಎಲ್ಲವೂ ಅದರ ಹಿಂದೆ ತಾವಾಗಿ ಬಂದವು.

ಈಗ ನಿಮ್ಮ ‘ಟೈಪಿಂಗ್’ ವಿಷಯ. ಆ ಪದ ಕಾಣಿಸುವುದು ಎದುರಿನವರು ಬರೆಯುವ ಜಾಗದಲ್ಲಿ ಏನನ್ನೋ ಒತ್ತುತ್ತಿರುವಾಗ. ಕಾಣಿಸಿ ನಿಂತುಹೋಗಿ, ಮತ್ತೆ ಕಾಣಿಸಿದೆ. ಅಂದರೆ ಅವರು ಏನೋ ಬರೆದರು, ನಿಂತರು, ಮತ್ತೆ ಬರೆದರು; ಕೊನೆಗೆ ಅದಾವುದನ್ನೂ ಕಳುಹಿಸಲಿಲ್ಲ. ಇನ್ನೊಂದು ಸಾಧ್ಯತೆಯನ್ನೂ ಮುಚ್ಚಿಡುವುದಿಲ್ಲ: ಅಲ್ಲಿ ಎಮೋಜಿ ಒತ್ತಿದರೆ ಆ್ಯಪ್ ತಾನಾಗಿ ಹೊಂದುವ ಸ್ಟಿಕರ್‌ಗಳನ್ನು ಮುಂದಿಡುತ್ತದೆ. ಬೆಕ್ಕು ಹಾಗೆಯೂ ಬಂದಿರಬಹುದು. ಆದರೆ ಅದಕ್ಕೆ ಒಂದು ಸಲ ಒತ್ತಿದರೆ ಸಾಕಿತ್ತು. ಎರಡು ಮೂರು ಸಲ ಆರಂಭಿಸಿ ನಿಲ್ಲಿಸುವುದು ತಾತ್ಸಾರದವರ ಕೆಲಸವಲ್ಲ. ಭಾನುವಾರ ನಂಬರ್ ಸಿಕ್ಕಿ ಮಂಗಳವಾರ ರಾತ್ರಿಯವರೆಗೆ ಸುಮ್ಮನಿದ್ದದ್ದೂ ಇದಕ್ಕೆ ಹೊಂದುತ್ತದೆ. ಬಹುವಚನವೋ ಏಕವಚನವೋ, ‘ನಮಸ್ಕಾರ’ ಎಂದರೆ ಕಚೇರಿಯ ಪತ್ರದಂತಾಗುತ್ತದೆಯೋ, ‘ಹಾಯ್’ ಎಂದರೆ ಸಲಿಗೆಯಾಗುತ್ತದೆಯೋ ಎಂಬ ಪ್ರಶ್ನೆಗಳು ಹೆಣ್ಣು ನೋಡಿ ಹೋದ ವಾರದಲ್ಲಿ ಸಣ್ಣವಲ್ಲ. ಸ್ಟಿಕರ್ ಕಳುಹಿಸಿದರೆ ನೀವು ಎನ್ನಬೇಕೋ ನೀನು ಎನ್ನಬೇಕೋ ಎಂಬ ಇಕ್ಕಟ್ಟೇ ಇಲ್ಲ. ಹಿಂದೆ ಹಿರಿಯರು ಅಂಗಳದಲ್ಲಿ ನಿಂತು ಒಮ್ಮೆ ಕೆಮ್ಮಿ, ಒಳಗಿನವರು ‘ಬನ್ನಿ’ ಎಂದ ಮೇಲೆ ಹೊಸ್ತಿಲು ದಾಟುತ್ತಿದ್ದರಲ್ಲ, ನನಗೆ ಆ ಬೆಕ್ಕು ಅಂತಹ ಕೆಮ್ಮಿನಂತೆ ಕೇಳಿಸುತ್ತದೆ.

ಇದು ನನ್ನ ಊಹೆ, ಆಧಾರವಿರುವ ಊಹೆ. ಇನ್ನೂ ಸ್ವಲ್ಪ ಆಧಾರ ಬೇಕಾದರೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಆ ಸ್ಟಿಕರ್ ಮೇಲೆ ಒಮ್ಮೆ ಒತ್ತಿರಿ. ಅದು ಸ್ಟಿಕರ್‌ಗಳ ಒಂದು ಕಟ್ಟಿನದಾಗಿದ್ದರೆ ಸಾಮಾನ್ಯವಾಗಿ ಕೆಳಗೆ ಆ ಕಟ್ಟಿನ ಹೆಸರು ಬರುತ್ತದೆ, ಹಲವು ಸಲ ಪೂರ್ತಿ ಕಟ್ಟನ್ನೂ ತೆರೆದು ನೋಡಬಹುದು. ಅದೇ ಬೆಕ್ಕು ಅಕ್ಕಪಕ್ಕದಲ್ಲಿ ಏನು ಮಾಡುತ್ತಿದೆ? ನಿದ್ದೆ, ಊಟ, ಶುಭರಾತ್ರಿ, ನಾಚಿಕೆ ಇದ್ದರೆ ಅದು ದಿನಬಳಕೆಯ ಸೌಮ್ಯ ಕಟ್ಟು. ಉಳಿದವೆಲ್ಲ ಅಣಕಿಸುವ, ನಾಲಗೆ ಚಾಚುವ ಬೆಕ್ಕುಗಳಾಗಿದ್ದರೆ ಇಣುಕುವ ಬೆಕ್ಕಿನಲ್ಲೂ ಸ್ವಲ್ಪ ಕೀಟಲೆ ಇದೆ ಎನ್ನಬಹುದು. ಇದರಿಂದ ಚಿತ್ರಕಾರನ ಉದ್ದೇಶ ಗೊತ್ತಾಗುತ್ತದೆ, ಹುಡುಗನದ್ದು ಅರ್ಧವಷ್ಟೇ. ಆದರೂ ಅಕ್ಕ ಮತ್ತು ಗೆಳತಿಯ ವಾದಕ್ಕಿಂತ ಇದು ಗಟ್ಟಿ ನೆಲ.

ವಯಸ್ಸನ್ನೂ ಗಣನೆಗೆ ತೆಗೆದುಕೊಳ್ಳಿ. ಜಪಾನಿನ ಲೈನ್ ಆ್ಯಪ್ 2011ರಲ್ಲೇ ಸ್ಟಿಕರ್ ತಂದಿತ್ತು. ವಾಟ್ಸ್‌ಆ್ಯಪ್‌ಗೆ ಅವು ಬಂದದ್ದು 2018ರ ಕೊನೆಯಲ್ಲಿ, ಅಲುಗಾಡುವವು 2020ರಲ್ಲಿ. ಕಾಲೇಜಿನ ದಿನಗಳಿಂದಲೇ ಇವುಗಳ ನಡುವೆ ಮಾತನಾಡಿದವರಿಗೆ ಸ್ಟಿಕರ್‌ನಿಂದ ಮಾತು ತೆಗೆಯುವುದು ಅಗೌರವ ಎಂದು ಹೊಳೆಯುವುದೂ ಇಲ್ಲ.

ಉತ್ತರ ಹೇಗಿರಬೇಕು? ಇನ್ನೊಂದು ಸ್ಟಿಕರ್ ಮಾತ್ರ ಕಳುಹಿಸಬೇಡಿ. ಆಗ ಎರಡು ಗೋಡೆ, ಎರಡು ಬೆಕ್ಕು. ಅವರೂ ತಮ್ಮ ಅಣ್ಣನನ್ನು ಕೂರಿಸಿಕೊಂಡು ಅರ್ಥ ಹುಡುಕಲು ತೊಡಗುತ್ತಾರೆ. ‘ಇದರ ಅರ್ಥವೇನು?’ ಎಂದು ಬರೆದರೆ ವಿಚಾರಣೆಯಂತಾಗುತ್ತದೆ. ನೀವು ಅದನ್ನು ಹೇಗೆ ತೆಗೆದುಕೊಂಡಿರಿ ಎಂಬುದು ಕಾಣುವಂತೆ ಒಂದು ವಾಕ್ಯ, ಅಕ್ಷರದಲ್ಲಲ್ಲದೆ ಉತ್ತರಿಸಲಾಗದ ಒಂದು ಪ್ರಶ್ನೆ, ಇಷ್ಟು ಸಾಕು. ಉದಾಹರಣೆಗೆ: ‘ಬೆಕ್ಕು ಸಂಕೋಚ ಪಡುತ್ತಿರುವಂತಿದೆ, ಹೊರಗೆ ಬರಬಹುದು ಎಂದು ಹೇಳಿ. ಭಾನುವಾರ ಊರು ತಲುಪುವಾಗ ಎಷ್ಟು ಹೊತ್ತಾಯಿತು?’ ನಿಮ್ಮ ಓದು ತಪ್ಪಿದ್ದರೆ ತಿದ್ದಲು ಅವರಿಗೆ ಇದರಲ್ಲಿ ಜಾಗವಿದೆ. ಎರಡು ದಿನ ತಡವಾದದ್ದಕ್ಕೆ ಕ್ಷಮೆ ಕೇಳುವುದು ಬೇಡ. ಅವರೂ ಎರಡು ದಿನ ತೆಗೆದುಕೊಂಡಿದ್ದಾರೆ.

ಮನಸ್ಸು ಕಾಣುವುದು ಇದರ ಮುಂದಿನ ಸಂದೇಶದಲ್ಲಿ. ಪ್ರಯಾಣದ ಬಗ್ಗೆ ಎರಡು ವಾಕ್ಯ ಬರೆದು, ನಿಮ್ಮನ್ನೂ ಏನಾದರೂ ಕೇಳಿದರೆ ಅಕ್ಕ ಹೇಳಿದ್ದೇ ಸರಿ. ಕೇಳಿದ ಪ್ರಶ್ನೆಗೂ ಮತ್ತೊಂದು ಚಿತ್ರವೇ ಬಂದರೆ ತಕ್ಷಣ ತೀರ್ಮಾನಿಸಬೇಡಿ. ಕೆಲವರಿಗೆ ಬರೆಯಲು ಬಾರದು, ಮಾತನಾಡಲು ಬರುತ್ತದೆ. ‘ಬಿಡುವಿದ್ದಾಗ ಫೋನ್ ಮಾಡಿ’ ಎಂದು ಬರೆಯಿರಿ. ಅದಕ್ಕೂ ಚಿತ್ರವೇ ಉತ್ತರವಾದರೆ ಆಗ ಮಾತನ್ನು ತಪ್ಪಿಸುತ್ತಿದ್ದಾರೆ ಎನ್ನಲು ಕಾರಣವಿದೆ, ಅದನ್ನು ನಿಮ್ಮ ಮನೆಯವರ ಗಮನಕ್ಕೆ ತರುವುದು ನ್ಯಾಯ. ಅಸಹ್ಯದ ಚಿತ್ರವೇನಾದರೂ ಬಂದರೆ ಮಾತ್ರ ಇಷ್ಟೆಲ್ಲ ಓದುವ ಅಗತ್ಯವೇ ಇಲ್ಲ. ಅಂದೇ ಅಪ್ಪ ಅಮ್ಮನಿಗೆ ತೋರಿಸಿ.

ಅವರ ಉತ್ತರ ಬಂದಾಗ ಮೊದಲು ನೀವೊಬ್ಬರೇ ಓದಿ. ಸ್ಕ್ರೀನ್‌ಶಾಟ್ ತೆಗೆದು ಅಕ್ಕನಿಗೂ ಗೆಳತಿಗೂ ಕಳುಹಿಸುವ ಮೊದಲು ನಿಮ್ಮದೇ ಉತ್ತರವನ್ನು ಬರೆದು ಕಳುಹಿಸಿ.