36 ಕ್ಲಿಕ್ಕಿಗೆ 47 ಕ್ಲಿಕ್: ಇಷ್ಟಕ್ಕೇ ಟೈಟಲ್ ಗೆದ್ದ ಹಾಗಾಯ್ತಾ?

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ, ಯೂಟ್ಯೂಬ್ ಚಾನೆಲ್ಲೂ ಇದೆ. ಒಂದು ಹಳೇ ವಿಡಿಯೋಗೆ ಎರಡು ಟೈಟಲ್ ಹಾಕಿ ನೋಡಿದೆ. ಎರಡಕ್ಕೂ 900 ಇಂಪ್ರೆಶನ್ ಬಂತು, ಅಂದರೆ ಒಂದೊಂದು ಟೈಟಲ್ಲೂ 900 ಸಲ ಜನರ ಕಣ್ಣಿಗೆ ಬಿತ್ತು. ಮೊದಲನೆಯದಕ್ಕೆ 36 ಕ್ಲಿಕ್, ಎರಡನೆಯದಕ್ಕೆ 47. ಎರಡನೆಯದನ್ನೇ ಇಟ್ಕೊಳ್ಳಲಾ?

ಉತ್ತರ: ಇನ್ನೂ ಬೇಡ. ನಿಮ್ಮ ಲೆಕ್ಕದಲ್ಲಿ 4% ಮತ್ತು 5.2%. ಆದರೆ 900ರ ಮೇಲೆ ಅಳೆದಾಗ ಈ ವ್ಯತ್ಯಾಸ ಅದೃಷ್ಟದಿಂದಲೇ ಎರಡು ಶೇಕಡಾ ಪಾಯಿಂಟಿನಷ್ಟು ಆಚೀಚೆ ಆಗಬಹುದು. ಅಂದರೆ ನಿಜವಾದ ಲಾಭ ಮೂರು ಪಾಯಿಂಟ್ ಇರಬಹುದು, ಎರಡನೆಯ ಟೈಟಲ್ಲೇ ತುಸು ಕೆಟ್ಟದ್ದೂ ಇರಬಹುದು.

ಎಷ್ಟು ಬೇಕು ಅನ್ನೋದನ್ನು ಟೆಸ್ಟ್ ಶುರು ಮಾಡುವ ಮೊದಲೇ ಹೀಗೆ ತೆಗೆಯಿರಿ:

```
n = 16 × p × (1 − p) / d²
```

n ಅಂದರೆ ಒಂದೊಂದು ಟೈಟಲ್ಲಿಗೆ ಬೇಕಾದ ಇಂಪ್ರೆಶನ್. p ಎರಡರ ಸರಾಸರಿ ಕ್ಲಿಕ್ ದರ, d ನೀವು ಹಿಡಿಯಬೇಕೆಂದಿರುವ ವ್ಯತ್ಯಾಸ. 16 ಅನ್ನೋ ಸಂಖ್ಯೆಯೊಳಗೆ ಎರಡು ಷರತ್ತು ಅಡಗಿವೆ: ವ್ಯತ್ಯಾಸ ನಿಜಕ್ಕೂ ಇದ್ದರೆ 80% ಸಲ ಸಿಕ್ಕಬೇಕು, ಇಲ್ಲದಿದ್ದರೆ ಇದೆ ಅಂತ ಮೋಸಹೋಗುವುದು 5% ಮೀರಬಾರದು.

4%ನಿಂದ 5%ಗೆ ಏರಿದರೆ ಸಾಕು ಅಂದುಕೊಳ್ಳಿ. p = 0.045, d = 0.01. ಉತ್ತರ ಸುಮಾರು 6,900, ಎರಡಕ್ಕೂ ಸೇರಿ 13,800. 4.5%ಗೆ ಏರಿದ್ದನ್ನೂ ಹಿಡಿಯಬೇಕು ಅಂದರೆ ಒಂದೊಂದಕ್ಕೇ 26,000 ಬೇಕು! d ವರ್ಗವಾಗಿ ಕೆಳಗೆ ಕೂತಿರುವುದರಿಂದ ಅದು ಅರ್ಧವಾದರೆ ಇಂಪ್ರೆಶನ್ ಹತ್ತಿರಹತ್ತಿರ ನಾಲ್ಕು ಪಟ್ಟಾಗುತ್ತದೆ. ಸಣ್ಣ ಚಾನೆಲ್‌ನವರು ಒಂದೆರಡು ಪದ ಮಾತ್ರ ಬದಲಿಸಿ ಟೆಸ್ಟ್ ಮಾಡುವುದು ದಂಡ ಅನ್ನೋದು ಇದಕ್ಕೇ. ಪೂರಾ ಬೇರೆ ಥರದ ಟೈಟಲ್ ಹಾಕಿ, 4%ನಿಂದ 6%ಗೆ ಹೋಗುತ್ತಾ ಅಂತ ನೋಡುವುದಾದರೆ ಒಂದೊಂದಕ್ಕೆ 1,900 ಸಾಕು.

ದಿನಕ್ಕೆ 600 ಇಂಪ್ರೆಶನ್ ಬರುತ್ತಿದ್ದರೆ 13,800ಕ್ಕೆ 23 ದಿನ. ಅದನ್ನು 28ಕ್ಕೆ ಏರಿಸಿ, ಟೈಟಲ್‌ಗಳನ್ನು ದಿನ ಬಿಟ್ಟು ದಿನ ಬದಲಿಸಿ. ವಾರಕ್ಕೆ ಏಳು ದಿನ ಇರುವುದರಿಂದ ಎರಡು ವಾರದಲ್ಲಿ ಎರಡೂ ಟೈಟಲ್‌ಗಳಿಗೆ ಒಂದೊಂದು ಶನಿವಾರ, ಒಂದೊಂದು ಭಾನುವಾರ ತಾನಾಗಿಯೇ ಸಿಗುತ್ತದೆ. ಮೊದಲೆರಡು ವಾರ ಒಂದು, ಆಮೇಲೆರಡು ವಾರ ಇನ್ನೊಂದು ಅಂತ ಮಾತ್ರ ಮಾಡಬೇಡಿ. ಅಕ್ಟೋಬರ್‌ನಲ್ಲಿ ತಲಕಾವೇರಿ ತೀರ್ಥೋದ್ಭವದ ಹೊತ್ತಿಗೆ ಕೊಡಗಿನ ಬಗ್ಗೆ ಹುಡುಕುವವರೇ ಬೇರೆ, ಮಳೆಗಾಲದಲ್ಲಿ ಬೇರೆ. ಆಗ ನೀವು ಅಳೆದದ್ದು ಟೈಟಲ್ಲನ್ನಲ್ಲ, ಸೀಸನ್ನನ್ನು.

ಇನ್ನೊಂದು ಕಡೆ ಎಡವುತ್ತಾರೆ. ದಿನಾ ಅನಾಲಿಟಿಕ್ಸ್ ತೆಗೆದು ನೋಡಿ, ಒಂದು ಮುಂದಿದೆ ಅನ್ನಿಸಿದ ದಿನವೇ ನಿಲ್ಲಿಸಿಬಿಡುತ್ತಾರೆ. ಹಾಗೆ ನಿಲ್ಲಿಸಿದರೆ 5% ಅಂತ ಹಾಕಿಕೊಂಡ ಮಿತಿ ಉಳಿಯುವುದಿಲ್ಲ. ಎಷ್ಟು ಸಲ ಇಣುಕುತ್ತೀರೋ ಸುಳ್ಳು ಗೆಲುವು ಸಿಕ್ಕುವ ಅವಕಾಶವೂ ಅಷ್ಟು ಹೆಚ್ಚುತ್ತದೆ. ನೋಡಿದರೂ ಪರವಾಗಿಲ್ಲ, ತೀರ್ಮಾನ 28ನೇ ದಿನಕ್ಕೇ ಇರಲಿ.

ಒಬ್ಬರಿಗೇ ಅದೇ ವಿಡಿಯೋ ನಾಲ್ಕೈದು ಸಲ ಕಣ್ಣಿಗೆ ಬೀಳುವುದೂ ಉಂಟು. ಅವೆಲ್ಲ ಬೇರೆಬೇರೆ ಇಂಪ್ರೆಶನ್ ಅಂತ ಎಣಿಕೆಯಾಗುತ್ತವೆ, ಆದರೆ ನೋಡಿದ್ದು ಒಬ್ಬರೇ. ಹಾಗಾಗಿ 6,900 ಅನ್ನೋದನ್ನು ಕನಿಷ್ಠ ಅಂತ ಇಟ್ಕೊಳ್ಳಿ.