ಶಾರ್ಟ್ ಮಾಡಿದವರಿಗೆ ಕಾಯುವ ಹಕ್ಕಿಲ್ಲ

ಶಾರ್ಟ್ ಮಾಡಿದ ಷೇರು ಏರಿದರೆ ಸುಮ್ನೆ ಕಾದರಾಯ್ತು. ಇವತ್ತಲ್ಲ ನಾಳೆ ಇಳಿದೇ ಇಳಿಯುತ್ತೆ, ಅಲ್ವಾ?

ಇದನ್ನು ಎಷ್ಟು ಸಲ ಕೇಳುತ್ತೀರಿ! ದುಡ್ಡು ಕೊಟ್ಟು ಕೊಂಡ ಷೇರು ನಿಮ್ಮದು, ಹತ್ತು ವರ್ಷ ಬೇಕಾದರೂ ಇಟ್ಟುಕೊಳ್ಳಿ. ಶಾರ್ಟ್ ಎಂದರೆ ಬೆಲೆ ಇಳಿಯುತ್ತದೆಂದು ನಂಬಿ ಕಡ ತಂದ ಷೇರು ಮಾರಿ, ಆಮೇಲೆ ಕಡಿಮೆಗೆ ಕೊಂಡು ವಾಪಸ್ ಕೊಡುವ ಲೆಕ್ಕ. ಅಲ್ಲಿ ನೀವು ಮಾರಿರುವುದು ಇನ್ನೊಬ್ಬರ ಷೇರು. ಕಡ ತಂದದ್ದು ಷೇರು, ವಾಪಸ್ ಕೊಡಬೇಕಾದದ್ದೂ ಷೇರು. ಆ ದಿನ ಅದರ ಬೆಲೆ ಎಷ್ಟಿದ್ದರೂ ಕೊಂಡು ಕೊಡಬೇಕು. ಅಲ್ಲಿಯವರೆಗೆ ಕಡದ ಬಾಡಿಗೆ ಓಡುತ್ತಲೇ ಇರುತ್ತದೆ. ಬೆಲೆ ಏರಿದಷ್ಟೂ ಬ್ರೋಕರ್ ಜಾಸ್ತಿ ಮಾರ್ಜಿನ್, ಅಂದರೆ ಭದ್ರತೆಗೆ ಇಡುವ ದುಡ್ಡು, ಕೇಳುತ್ತಾರೆ. ಕಟ್ಟದಿದ್ದರೆ ನಿಮ್ಮ ಖಾತೆಯಿಂದ ಅವರೇ ಷೇರು ಕೊಂಡು ಲೆಕ್ಕ ಮುಗಿಸುತ್ತಾರೆ. ಕಡ ಕೊಟ್ಟವರು ವಾಪಸ್ ಕೇಳಿ, ಬೇರೆ ಕಡೆ ಷೇರು ಹುಟ್ಟದಿದ್ದರೂ ಇದೇ ಗತಿ.

2008ರಲ್ಲಿ ಜರ್ಮನಿಯಲ್ಲಿ ಏನಾಯಿತು ನೋಡಿ. ಫೋಕ್ಸ್‌ವ್ಯಾಗನ್ ಷೇರಿನ ಬೆಲೆ ಅತಿಯಾಯಿತು ಎಂದು ಶ್ರೀಮಂತರ ದುಡ್ಡು ಹೂಡುವ ಹಲವು ಹೆಜ್ ಫಂಡ್‌ಗಳು ಶಾರ್ಟ್ ಮಾಡಿದ್ದವು. ಹೀಗೆ ಕಡ ತಂದು ಮಾರಿದ್ದು ಸುಮಾರು ಶೇ 12ರಷ್ಟು ಷೇರು. ಅಕ್ಟೋಬರ್ 26ರ ಭಾನುವಾರ ಪೋರ್ಶೆ ಕಂಪನಿ ಒಂದು ವಿಷಯ ಬಾಯಿಬಿಟ್ಟಿತು. ಶೇ 42.6 ಷೇರು ತನ್ನ ಕೈಯಲ್ಲಿದೆ, ಇನ್ನೂ ಶೇ 31.5 ಷೇರನ್ನು ಕಟ್ಟಿಹಾಕುವ ಆಪ್ಷನ್ ಒಪ್ಪಂದಗಳಿವೆ ಎಂದಿತು. ಲೋವರ್ ಸ್ಯಾಕ್ಸನಿ ರಾಜ್ಯ ಸರ್ಕಾರದ ಬಳಿ ಸುಮಾರು ಶೇ 20 ಇತ್ತು, ಅದು ಮಾರುವ ಪೈಕಿಯಲ್ಲ. ಪೇಟೆಯಲ್ಲಿ ಸಿಗುವಂತೆ ಉಳಿದದ್ದು ಹೆಚ್ಚುಕಮ್ಮಿ ಶೇ 6. ಬೇಕಾದದ್ದು ಅದರ ಎರಡರಷ್ಟು!

ಸೋಮವಾರ ಎಲ್ಲರೂ ಒಟ್ಟಿಗೆ ಕೊಳ್ಳಲು ಮುಗಿಬಿದ್ದರು. ಒಬ್ಬರು ಕೊಂಡು ತಪ್ಪಿಸಿಕೊಂಡರೆ ಆ ಖರೀದಿಯಿಂದಲೇ ಬೆಲೆ ಏರುತ್ತದೆ, ಅದು ಮುಂದಿನವರ ಮಾರ್ಜಿನ್ ನುಂಗುತ್ತದೆ, ಅವರೂ ಕೊಳ್ಳಲೇಬೇಕಾಗುತ್ತದೆ. ಶಾರ್ಟ್ ಸ್ಕ್ವೀಜ್ ಅನ್ನುವುದು ಇದನ್ನೇ. ಶುಕ್ರವಾರ ಸುಮಾರು 210 ಯೂರೋ ಇದ್ದ ಷೇರು ಮಂಗಳವಾರ 1,000 ದಾಟಿತು. 210ಕ್ಕೆ 100 ಷೇರು ಶಾರ್ಟ್ ಮಾಡಿದವರಿಗೆ ಕಂಪನಿಯೇ ಮುಳುಗಿದ್ದರೂ ಸಿಗುತ್ತಿದ್ದದ್ದು 21,000 ಯೂರೋ. 1,000ಕ್ಕೆ ಕೊಂಡು ವಾಪಸ್ ಕೊಟ್ಟಿದ್ದರೆ ನಷ್ಟ 79,000. ಬೆಲೆ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ, ಮೇಲಕ್ಕೆ ಮಾತ್ರ ತಡೆಯೇ ಇಲ್ಲ.

ಬುಧವಾರ ಪೋರ್ಶೆ ಒಂದಿಷ್ಟು ಷೇರು ಪೇಟೆಗೆ ಬಿಡಲು ಒಪ್ಪಿತು, ಬೆಲೆ ಕುಸಿಯಿತು. ನೀವು ಹೇಳಿದಂತೆ ಇಳಿದೇ ಇಳಿಯಿತು. ಆದರೆ ಮಂಗಳವಾರವೇ ಮಾರ್ಜಿನ್ ಮುಗಿದಿದ್ದವರಿಗೆ ಅದರಿಂದ ಏನು ಬಂತು?

ಎಷ್ಟು ಷೇರು ಶಾರ್ಟ್ ಆಗಿದೆ, ಪೇಟೆಯಲ್ಲಿ ಎಷ್ಟು ಓಡಾಡುತ್ತಿದೆ, ಈ ಎರಡನ್ನೂ ಮೊದಲು ನೋಡಿ. ಕಡದ ಬಾಡಿಗೆ ದಿಢೀರನೆ ಏರಿದರೆ ಷೇರು ಸಿಗುವುದು ಕಷ್ಟವಾಗುತ್ತಿದೆ ಎಂದರ್ಥ. ನಾನಂತೂ ಅಂಥ ಷೇರಿನ ಹತ್ತಿರ ಸುಳಿಯುವುದಿಲ್ಲ.

ಇಂತಿಷ್ಟು ಬೆಲೆ ಮುಟ್ಟಿದ ಕೂಡಲೇ ಕೊಂಡುಬಿಡಿ ಅಂತ ಸ್ಟಾಪ್ ಲಾಸ್ ಆರ್ಡರ್ ಹಾಕಿದ್ರೆ ಸಾಕಲ್ವಾ?

ಸಾಲದು. ಸುದ್ದಿ ಬಂದದ್ದು ಭಾನುವಾರ, ಸೋಮವಾರ ಬೆಲೆ ಎಲ್ಲಿ ತೆರೆಯುತ್ತದೋ ಅಲ್ಲೇ ನಿಮ್ಮ ಆರ್ಡರ್ ಮುಗಿಯುವುದು.

ಟೆಲಿಗ್ರಾಂನಲ್ಲಿ ಒಬ್ಬರು ಮುಂದಿನ ಸ್ಕ್ವೀಜ್ ಯಾವುದು ಅಂತ ಹೇಳ್ತಾರೆ. ಕೊಳ್ಳಲಾ?

ಬೇಡ. ಅಂಥವರು ತಾವು ಮೊದಲೇ ಕೊಂಡಿಟ್ಟದ್ದನ್ನು ನಿಮಗೆ ಮಾರಲು ಕೂತಿರುತ್ತಾರೆ. ಆ ಗುಂಪಿನಿಂದ ಇವತ್ತೇ ಹೊರಬನ್ನಿ.