ಮಸುಕಾದ ಅಂಕಿಯನ್ನು ಟೈಪ್ ಮಾಡುವುದು ಹೇಗೆ?

ಯಲಹಂಕದ ಜಮೀನಿನ ಹಳೇ ಕ್ರಯಪತ್ರ ಟೈಪ್ ಮಾಡ್ತಿದ್ದೇನೆ. ಸರ್ವೆ ನಂಬರಿನ ಕೊನೆಯ ಅಂಕಿ ಮಸುಕಾಗಿದೆ, ೪೬ ಇರಬಹುದು, ೪೯ ಕೂಡ ಇರಬಹುದು. ಊಹಿಸಿ ಬರೆಯಲಾ?

ಬೇಡ. ‘೪[೬/೯]’ ಎಂದು ಎರಡನ್ನೂ ಬರೆಯಿರಿ. ಪಕ್ಕದಲ್ಲಿ ‘ಬಹುಶಃ ೬, ಅರ್ಧ ಖಚಿತ, ಅಂಕಿಯ ಬಾಲದ ಮೇಲೆ ಶಾಯಿ ಹರಡಿದೆ’ ಎಂದು ಸೇರಿಸಿ.

ಟೈಪ್ ಆದ ಅಂಕಿಯಲ್ಲಿ ನಿಮ್ಮ ಅನುಮಾನ ಕಾಣುವುದಿಲ್ಲ, ಅಲ್ವಾ? ಮುಂದೆ ಓದುವವರು ಅದನ್ನೇ ನಿಜ ಅಂದುಕೊಳ್ಳುತ್ತಾರೆ. ಅಕ್ಷರ ತಪ್ಪಾದರೆ ಪದದ ಅರ್ಥವೇ ಕೆಟ್ಟು ತಪ್ಪು ಸಿಕ್ಕಿಬೀಳುತ್ತದೆ. ಅಂಕಿಗೆ ಆ ಆಸರೆ ಇಲ್ಲ. ೪೬ ಕೂಡ ಜಮೀನೇ, ೪೯ ಕೂಡ ಜಮೀನೇ.

ಎಷ್ಟು ಖಚಿತ ಎಂದು ತೀರ್ಮಾನಿಸಲು, ಅದೇ ಪತ್ರದಲ್ಲಿ ಅದೇ ಕೈ ಬರೆದ ಸ್ಪಷ್ಟವಾದ ೬, ೯ಗಳನ್ನು ಹುಡುಕಿ ಪಕ್ಕಪಕ್ಕ ಇಟ್ಟು ನೋಡಿ. ಚಕ್ಕುಬಂದಿಯಲ್ಲಿ ಅಕ್ಕಪಕ್ಕದ ಜಮೀನಿನ ನಂಬರ್ ಇದ್ದರೆ ಅದೂ ಸುಳಿವು ಕೊಡುತ್ತದೆ. ಆಮೇಲೂ ಅನುಮಾನ ಉಳಿದರೆ ಸುಮ್ನೆ ಅಳಿಸಬೇಡಿ, ಗುರುತು ಹಾಗೇ ಇರಲಿ.